ಸಂದೇಶ ಕಳಿಸಿದರೆ ಸಾಲದು, ಅದು ನಿಮಗೆ ಮುಟ್ಟಬೇಕು

ಪ್ರಿಯ ಹೈನುಗಾರ ಅಕ್ಕ-ತಂಗಿಯರೇ,

ಕಳೆದ ಮೇ ತಿಂಗಳಲ್ಲಿ ಗುಡೂರಿನ ಹತ್ತಿರದ ಒಂದು ಹೊಲಕ್ಕೆ ಸತ್ತ ಎಮ್ಮೆಯ ಮರಣೋತ್ತರ ಪರೀಕ್ಷೆಗೆ ಹೋಗಿದ್ದೆ. ಬೇವಿನ ಗಿಡದ ಬುಡಕ್ಕೆ ಕಟ್ಟಿದ್ದ ಎಮ್ಮೆ. ಬಾಯಲ್ಲಿ ಇನ್ನೂ ಕಣಕಿ ಇತ್ತು. ಸಿಡಿಲಿಗೆ ಸತ್ತ ದನ ಮೇವು ನುಂಗುವಷ್ಟೂ ಪುರುಸೊತ್ತು ಕಂಡಿರುವುದಿಲ್ಲ. "ನಮಗ ಯಾರೂ ಹೇಳಲಿಲ್ಲರಿ ಡಾಕ್ಟರ್" ಎಂದು ಆ ತಾಯಿ ಅತ್ತರು. ಆಮೇಲೆ ನೋಡಿದರೆ, ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಮಗನ ಮೊಬೈಲಿಗೆ ಅರ್ಧ ಗಂಟೆ ಮೊದಲೇ ಸಿಡಿಲಿನ ಎಚ್ಚರಿಕೆ ಬಂದಿತ್ತು. ಯಾರೂ ತೆರೆದಿರಲಿಲ್ಲ. ಆ ತಾಯಿಯ ಸೊಂಟದ ಚೀಲದಲ್ಲಿ ಕೀಪ್ಯಾಡ್ ಫೋನ್ ಇತ್ತು. ಅದಕ್ಕೆ ಒಂದು ಕರೆಯೂ ಹೋಗಿರಲಿಲ್ಲ.

ಸಿಡಿಲಿನ ಸುಳಿವು ಮೊದಲೇ ಸಿಗುವ ಕಾಲ ಇದು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಇದೆ. ಕೊರತೆ ಇರುವುದು ಕೊನೆಯ ಹೆಜ್ಜೆಯಲ್ಲಿ. ಸಂದೇಶ ಹೋಯಿತು ಎಂಬುದನ್ನೇ ಓದಿದರು ಎಂದು ಲೆಕ್ಕ ಹಿಡಿಯುತ್ತೇವೆ. ನಮ್ಮ ಒಕ್ಕೂಟದ ತುರ್ತು ಎಚ್ಚರಿಕೆಗಳು ಮೂರು ಮೆಟ್ಟಿಲು ಏರಬೇಕು, ಓದಿದ್ದು ಖಾತ್ರಿಯಾದಲ್ಲಿ ಮಾತ್ರ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ಸಂಘದಲ್ಲಿ 100 ಸದಸ್ಯೆಯರಿದ್ದಾರೆ ಎಂದುಕೊಳ್ಳಿ. ಸಂಜೆ 4 ಗಂಟೆಗೆ ಎಚ್ಚರಿಕೆ ಬಂತು. ಮೊದಲು ಎಲ್ಲರಿಗೂ ಆ್ಯಪ್ ಸಂದೇಶ ಹೋಗುತ್ತದೆ. ಇದಕ್ಕೆ ಖರ್ಚಿಲ್ಲ, ಆದರೆ ಡೇಟಾ ಬೇಕು. ಬ್ಯಾಟರಿ ಉಳಿಸಲೆಂದು ಎಷ್ಟೋ ಫೋನುಗಳು ಆ್ಯಪನ್ನು ಮಲಗಿಸಿಬಿಡುತ್ತವೆ. 30 ಜನ ತೆರೆದು ನೋಡಿದರು ಎನ್ನಿ. ಅವರ ಮಟ್ಟಿಗೆ ಕೆಲಸ ಮುಗಿಯಿತು. 4.03ಕ್ಕೆ ಉಳಿದ 70 ಜನರಿಗೆ ಎಸ್ಎಂಎಸ್. ಇದಕ್ಕೆ ಡೇಟಾ ಬೇಡ. ಆದರೆ ಕನ್ನಡದಲ್ಲಿ ಒಂದು ಎಸ್ಎಂಎಸ್‌ಗೆ 70 ಅಕ್ಷರ-ಚಿಹ್ನೆಗಳಷ್ಟೇ ಜಾಗ, ಒತ್ತು-ಗುಣಿತವೂ ಅದರಲ್ಲೇ ಎಣಿಕೆ. "ಸಿಡಿಲು. ದನ ಗಿಡದಿಂದ ಬಿಚ್ಚಿ. ಮಿಸ್ಡ್ ಕಾಲ್ ಕೊಡಿ" ಎಂದರೆ ಸಾಕು. ಎಸ್ಎಂಎಸ್ ಫೋನಿಗೆ ತಲುಪಿದ್ದು ಕಳಿಸಿದವರಿಗೆ ತಿಳಿಯುತ್ತದೆ, ಓದಿದ್ದು ತಿಳಿಯುವುದಿಲ್ಲ. ಅದಕ್ಕೇ ಮಿಸ್ಡ್ ಕಾಲ್ ಕೇಳುವುದು. 4.06ಕ್ಕೆ, ಮಿಸ್ಡ್ ಕಾಲ್ ಕೊಡದ 40 ಜನರಿಗೆ ಧ್ವನಿ ಕರೆ. ನಮ್ಮ ಕಡೆಯ ಮಾತಿನಲ್ಲಿ, 20 ಸೆಕೆಂಡು. "ಕೇಳಿಸಿದ್ದರೆ 1 ಒತ್ತರಿ." ಒತ್ತದಿದ್ದರೆ 4.09ಕ್ಕೆ ಮತ್ತೊಮ್ಮೆ. ಆಗಲೂ ಎತ್ತದವರ ಪಟ್ಟಿ ಸಂಘದ ಕಾರ್ಯದರ್ಶಿಗೆ ಹೋಗಬೇಕು, ಅವರು ನೆರೆಮನೆಗೆ ಹೇಳಿ ಕಳಿಸಬೇಕು. 4.10ರ ಹೊತ್ತಿಗೆ ಯಾರಿಗೆ ಮುಟ್ಟಿಲ್ಲ ಎಂಬುದು ಹೆಸರು ಹಿಡಿದು ಗೊತ್ತಿರುತ್ತದೆ.

ಮೂರು ನಿಮಿಷದ ಈ ಅಂತರ ಸಿಡಿಲಿಗೆ ಮಾತ್ರ. ಪಕ್ಕದ ಊರಲ್ಲಿ ಚರ್ಮಗಂಟು ರೋಗ ಕಂಡಿದೆ, ಆಕಳು-ಹೋರಿ ಸಂತೆಗೆ ಒಯ್ಯಬೇಡಿ ಎಂಬ ಸುದ್ದಿಗೆ ಎರಡು ತಾಸು ಕಾಯಬಹುದು, ನಡುರಾತ್ರಿ ಕರೆ ಬೇಡ. ಎಚ್ಚರಿಕೆಗೆ ಅವಧಿಯನ್ನೂ ನಮೂದಿಸಬೇಕು. ಇಲ್ಲದಿದ್ದರೆ ಆಫ್ ಆಗಿದ್ದ ಫೋನು ಮರುದಿನ ಆನ್ ಆದಾಗ ನಿನ್ನೆಯ ಸಿಡಿಲು ಇಂದು ಹೆದರಿಸುತ್ತದೆ. ಎರಡು ಸಲ ಹಾಗಾದರೆ ಮೂರನೆಯದನ್ನು ಯಾರೂ ನಂಬುವುದಿಲ್ಲ. ಹಾಲಿನ ದರ, ಸಭೆಯ ನೋಟಿಸು ಈ ಕರೆಯ ದಾರಿಯಲ್ಲಿ ಬರಲೇಬಾರದು ಎನ್ನುವುದೂ ಇದೇ ಕಾರಣಕ್ಕೆ.

ಧ್ವನಿ ಕರೆಗೆ ದುಡ್ಡು ಬೀಳುತ್ತದೆ, ಎಸ್ಎಂಎಸ್‌ಗೆ ನಿಲ್ಲಿಸೋಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕರೆ ಹೋಗುವುದು ನೂರೂ ಜನರಿಗಲ್ಲ, ಉಳಿದ ನಲವತ್ತು ಜನರಿಗೆ. ಆ ನಲವತ್ತರಲ್ಲೇ ಓದು ಬಾರದವರು, ಸ್ಮಾರ್ಟ್‌ಫೋನ್ ಇಲ್ಲದವರು, ಹೊಲದಲ್ಲಿ ಇರುವವರು ಇದ್ದಾರೆ. ಒಂದು ಎಮ್ಮೆಯ ಬೆಲೆಗೆ ಎಷ್ಟು ವರ್ಷ ಕರೆ ಮಾಡಬಹುದು, ನೀವೇ ಲೆಕ್ಕ ಹಾಕಿ.

ಒಂದು ಕೆಲಸ ಮಾತ್ರ ನಿಮ್ಮಿಂದಲೇ ಆಗಬೇಕು. ನಾಳೆ ಹಾಲು ಹಾಕಲು ಹೋದಾಗ ಡೈರಿಯ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಯಾವ ನಂಬರಿದೆ ಎಂದು ಓದಿಸಿ ಕೇಳಿ. ಬಹಳ ಕಡೆ ಅದು ಯಜಮಾನರದ್ದು, ಇಲ್ಲವೇ ಬೆಂಗಳೂರಿಗೆ ದುಡಿಯಲು ಹೋದ ಮಗನದ್ದು. ದನದ ಹಗ್ಗ ಬಿಚ್ಚುವ ಕೈ ನಿಮ್ಮದು, ನಂಬರೂ ನಿಮ್ಮದೇ ಇರಲಿ. ಎರಡನೆಯದಾಗಿ ಹಗಲು ಮನೆಯಲ್ಲಿ ಇರುವವರ ನಂಬರ್ ಬರೆಸಿ.

ಕರೆ ಬಂದರೆ ದನವನ್ನು ಒಂಟಿ ಗಿಡ, ತಂತಿ ಬೇಲಿಯಿಂದ ದೂರ ಒಯ್ಯಿರಿ. ಆದರೆ ಗುಡುಗು ಆಗಲೇ ಕೇಳಿಸುತ್ತಿದ್ದರೆ ಹೊಲದ ಕಡೆ ಓಡಬೇಡಿ, ಮನೆಯೊಳಗೆ ಹೋಗಿ. ಎಮ್ಮೆ ಮತ್ತೊಂದು ತರಬಹುದು.