ಹತ್ತು ಗಂಟೆ ಓದೋಕೆ ನಮಗೆಲ್ಲಿದೆ ದಿನ?

ಕೆಎಎಸ್‌ಗೆ ದಿನಕ್ಕೆ ಹತ್ತು ಗಂಟೆ ಓದಬೇಕು ಅಂತ ಟೈಮ್‌ಟೇಬಲ್ ಹಂಚುವವರು ಬೆಳಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಒಮ್ಮೆ ನಿಂತು ನೋಡಲಿ. ಜೆಪಿ ನಗರದಿಂದ ಬೆಳ್ಳಂದೂರಿಗೆ ಹೋಗಿ ಬರೋದಕ್ಕೆ ಮೂರು ಗಂಟೆ, ಆಫೀಸಿಗೆ ಒಂಬತ್ತು, ನಿದ್ದೆಗೆ ಏಳು, ಊಟ-ಸ್ನಾನ-ಬಟ್ಟೆಗೆ ಎರಡು. ಉಳಿಯೋದು ಮೂರು. ಅದರಲ್ಲಿ ತಲೆಗೆ ಹತ್ತುವುದು ಎರಡೇ, ಅದೂ ಬೆಳಗ್ಗೆ ಐದೂವರೆಯಿಂದ ಏಳೂವರೆವರೆಗೆ. "ರಾತ್ರಿ ಬಂದು ಓದ್ತೀನಿ" ಅನ್ನೋದು ಒಂಬತ್ತು ಗಂಟೆಗೆ ಅಮೆರಿಕದ ಕಾಲ್ ಬರೋವರೆಗಿನ ಮಾತು.

ಹಾಗಾಗಿ ಲೆಕ್ಕ ಹೀಗಿರಲಿ. ವಾರದ ಐದು ದಿನಕ್ಕೆ ಹತ್ತು ಗಂಟೆ. ರಿಲೀಸ್, ಆನ್-ಕಾಲ್ ಅಂತ ಒಂದು ದಿನ ಹೋಗಿಯೇ ಹೋಗುತ್ತೆ, ಎಂಟು ಅನ್ನಿ. ಶನಿವಾರ ಐದು, ಭಾನುವಾರ ನಾಲ್ಕು. ಒಟ್ಟು ಹದಿನೇಳು. ನಲವತ್ತು ವಾರಕ್ಕೆ 680 ಗಂಟೆ. ಇಷ್ಟರಲ್ಲಿ ಎಲ್ಲ ಪುಸ್ತಕ ಓದೋಕಾಗಲ್ಲ, ಆರಿಸಿಕೊಳ್ಳಬೇಕು.

ಎಂಜಿನಿಯರುಗಳು ಎಡವೋದು ಇಲ್ಲೇ. ಪ್ರಿಲಿಮ್ಸ್‌ನ ಎರಡನೇ ಪತ್ರಿಕೆಯಲ್ಲಿ ಮೆಂಟಲ್ ಎಬಿಲಿಟಿ ಇದೆ. ಅದು ನಮಗೆ ಸಲೀಸು, ಅದಕ್ಕೇ ಅದನ್ನೇ ಬಿಡಿಸುತ್ತಾ ಕೂರ್ತೀವಿ, ಓದಿದ ಹಾಗೆ ಅನ್ನಿಸುತ್ತೆ. ವಾರಕ್ಕೆ ಒಂದು ಗಂಟೆ ಸಾಕು. ಬೆಳಗಿನ ಹೊತ್ತು ಸಂವಿಧಾನ, ಇತಿಹಾಸ, ಕರ್ನಾಟಕದ ಆರ್ಥಿಕತೆಗೆ ಮೀಸಲು: ನಾಲ್ಕು ವಾರ ಒಂದೇ ವಿಷಯ, ಒಂದೇ ಪುಸ್ತಕ, ಕೊನೆಯ ಅರ್ಧ ಗಂಟೆ ಅದೇ ವಿಷಯದ ಹಳೆಯ ಪ್ರಶ್ನೆಗಳು. ಬಸ್ಸಿನಲ್ಲಿ ನೇತಾಡುತ್ತಾ ಹೊಸ ಪಾಠ ಓದಬೇಡಿ, ಪೇಪರ್ ಓದಿದರೆ ಸಾಕು.

ಹದಿನೈದು ದಿನಕ್ಕೊಮ್ಮೆ ಭಾನುವಾರ ಮಾಕ್ ಟೆಸ್ಟ್. ಹತ್ತರಿಂದ ಹನ್ನೆರಡು, ಮತ್ತೆ ಎರಡರಿಂದ ನಾಲ್ಕು. ಒಂದೊಂದು ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ. ಸರಿಯಾದರೆ ಎರಡು ಅಂಕ, ತಪ್ಪಾದರೆ ಅರ್ಧ ಅಂಕ ಕಟ್. ಅರ್ಧಂಬರ್ಧ ಗೊತ್ತಿದ್ದು ಊಹಿಸಿದ ಪ್ರಶ್ನೆಗಳ ಪಕ್ಕ ಪೆನ್ಸಿಲ್ಲಿನಲ್ಲಿ ಚುಕ್ಕಿ ಇಡಿ. ಸೋಮವಾರ ಬೆಳಗ್ಗೆ ಆ ಚುಕ್ಕಿಗಳನ್ನು ಮಾತ್ರ ಎಣಿಸಿ. ಐದರಲ್ಲಿ ಒಂದು ಸರಿಯಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡು ಸರಿಯಾದರೆ ಧೈರ್ಯವಾಗಿ ಊಹಿಸಬಹುದು. ಒಂದಕ್ಕಿಂತ ಕಡಿಮೆ ಬರುತ್ತಿದ್ದರೆ ಆ ವಿಷಯ ನಿಮಗೆ ಗೊತ್ತಿದೆ ಅಂದುಕೊಂಡಿದ್ದೀರಿ, ಗೊತ್ತಿಲ್ಲ. ಮುಂದಿನ ನಾಲ್ಕು ವಾರ ಅದಕ್ಕೇ ಹೋಗಲಿ.

ಪರೀಕ್ಷೆಯ ದಿನಾಂಕ ನಂಬಿ ಕೆಲಸ ಬಿಡುವವರಿಗೆ 2024 ನೆನಪಿರಲಿ. ಕೆಪಿಎಸ್‌ಸಿ 384 ಹುದ್ದೆಗಳ ಪ್ರಿಲಿಮ್ಸ್ ಇಟ್ಟಿದ್ದು ಆಗಸ್ಟ್ 27ಕ್ಕೆ, ಮಂಗಳವಾರ. ದುಡಿಯುವವರು ರಜೆ ಹಾಕಿ ಬರೆದರು. ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು. ಕೆಲಸ ಬಿಟ್ಟಿದ್ದವರು ಬಿಟಿಎಂ ಪಿಜಿ ಬಾಡಿಗೆಯನ್ನು ಇನ್ನೂ ನಾಲ್ಕು ತಿಂಗಳು ಎಲ್ಲಿಂದ ತರಬೇಕಿತ್ತು?

ರಾಜೀನಾಮೆ ಬೇಡ, ರಜೆ ಉಳಿಸಿ. ಪ್ರಿಲಿಮ್ಸ್‌ಗೆ ಎರಡು ದಿನ, ಮಿಕ್ಕಿದ್ದೆಲ್ಲ ಮೇನ್ಸ್‌ಗೆ. ಅಲ್ಲಿ ಗಂಟೆಗಟ್ಟಲೆ ಕೈಯಲ್ಲಿ ಬರೆಯಬೇಕು, ಹತ್ತು ವರ್ಷ ಕೀಬೋರ್ಡ್ ಕುಟ್ಟಿದ ಬೆರಳು ಅರ್ಧ ಗಂಟೆಗೇ ಹಿಡಿದುಕೊಳ್ಳುತ್ತೆ. ಶನಿವಾರದ ಐದು ಗಂಟೆಯಲ್ಲಿ ಒಂದನ್ನು ಈಗಿನಿಂದಲೇ ಪೆನ್ನಿಗೆ ಕೊಡಿ.