ಸೋಲಾರ್ ಕೈಪಿಡಿಯಲ್ಲಿ ಎಲ್ಲಕ್ಕೂ ‘ಸಾಮರ್ಥ್ಯ’ ಅಂದರೆ ಹೇಗೆ?

ಮೈಸೂರು ಸುತ್ತಲಿನ ಸೆಸ್ಕ್ ವ್ಯಾಪ್ತಿಯ ಊರುಗಳಲ್ಲೂ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಬಹುದು. ಆದರೆ ಅದರ ಜೊತೆ ಬರುವ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನದು. ಅಂಥದ್ದೊಂದನ್ನು ಮೈಸೂರಿನಲ್ಲಿ ಕೂತು ಕನ್ನಡಕ್ಕೆ ತರುವಾಗ ನಮಗೆ ಒಂದು ವಿಷಯ ಖಚಿತವಾಯಿತು. ಕೆಪಾಸಿಟಿ, ರೇಟಿಂಗ್, ಎಫಿಶಿಯೆನ್ಸಿ ಮೂರಕ್ಕೂ ‘ಸಾಮರ್ಥ್ಯ’ ಎಂದೇ ಬರೆದರೆ ಓದುವವರ ಜೇಬಿಗೆ ಪೆಟ್ಟು.

ಮೊದಲು ಪ್ಯಾನೆಲ್ ನೋಡೋಣ. ಒಂದು ಪ್ಯಾನೆಲ್ 540 ವ್ಯಾಟಿನದು, ಎಫಿಶಿಯೆನ್ಸಿ 21%. ಇದನ್ನು ‘ಸಾಮರ್ಥ್ಯ 21%’ ಎಂದರೆ, 540ರಲ್ಲಿ ಸಿಗುವುದು ಬರೀ 113 ವ್ಯಾಟ್ ಎಂದು ಯಾರಾದರೂ ಲೆಕ್ಕ ಹಾಕಿಯಾರು. ವಿಷಯ ಹಾಗಲ್ಲ. ಪ್ಯಾನೆಲ್ ಪರೀಕ್ಷಿಸುವಾಗ ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬಿಡುತ್ತಾರೆ. ಈ ಪ್ಯಾನೆಲ್ಲಿನ ವಿಸ್ತೀರ್ಣ ಸುಮಾರು 2.58 ಚದರ ಮೀಟರ್, ಅಂದರೆ ಅದರ ಮೇಲೆ ಬೀಳುವುದು 2,580 ವ್ಯಾಟ್. ಅದರ 21% ಕರೆಂಟ್ ಆದರೆ ಸುಮಾರು 540 ವ್ಯಾಟ್. 21% ಆಗಲೇ 540ರ ಒಳಗೆ ಸೇರಿದೆ, ಮತ್ತೆ ಕಳೆಯಬೇಕಿಲ್ಲ. ಹಾಗಾಗಿ ಇದಕ್ಕೆ ನಾವು ‘ದಕ್ಷತೆ’ ಎಂದೆವು, ಪಕ್ಕದಲ್ಲಿ ‘ಬಿದ್ದ ಬಿಸಿಲಿನಲ್ಲಿ ಕರೆಂಟ್ ಆಗುವ ಪಾಲು’ ಎಂದು ಬಿಡಿಸಿ ಬರೆದೆವು. ದಕ್ಷತೆ ಹೆಚ್ಚಿದ್ದರೆ ಅಷ್ಟೇ ವ್ಯಾಟಿಗೆ ಜಾಗ ಕಡಿಮೆ ಸಾಕು. ತಾರಸಿ ದೊಡ್ಡದಿರುವವರು ಅದಕ್ಕೆಂದೇ ಹೆಚ್ಚು ಹಣ ಕೊಡಬೇಕಿಲ್ಲ.

ಇನ್‌ವರ್ಟರಿನ 97% ದಕ್ಷತೆ ಬೇರೆಯೇ ಲೆಕ್ಕ. ಪ್ಯಾನೆಲ್‌ಗಳಿಂದ 2,800 ವ್ಯಾಟ್ ಡಿಸಿ ಒಳಗೆ ಬಂದರೆ, ಮನೆಗೆ ಬೇಕಾದ ಎಸಿಯಾಗಿ 2,716 ವ್ಯಾಟ್ ಹೊರಗೆ ಬರುತ್ತದೆ. 21 ಕಡಿಮೆ, 97 ಜಾಸ್ತಿ ಎಂದು ಹೋಲಿಸಿದರೆ ಅರ್ಥವೇ ಇಲ್ಲ.

ಇನ್‌ವರ್ಟರನ್ನು ‘ಪರಿವರ್ತಕ’ ಎನ್ನೋಣ ಎಂಬ ಮಾತೂ ಬಂತು. ಆದರೆ ಊರಿನಲ್ಲಿ ಪರಿವರ್ತಕ ಎಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್. ಇನ್‌ವರ್ಟರ್ ಎಂದೇ ಇರಲಿ.

ಅದರ ರೇಟಿಂಗನ್ನು ಮಾತ್ರ ‘ಹೆಚ್ಚೆಂದರೆ ಕೊಡುವ ಪವರ್’ ಎಂದು ಬರೆಯಬೇಕು. ಯಾಕೆಂದರೆ ಸಬ್ಸಿಡಿಗೆ ಪ್ಯಾನೆಲ್‌ಗಳ ಒಟ್ಟು ಕಿಲೋವ್ಯಾಟ್, ಇನ್‌ವರ್ಟರಿನ ಕಿಲೋವ್ಯಾಟ್ ಎರಡರಲ್ಲಿ ಕಡಿಮೆ ಇರುವುದನ್ನೇ ಹಿಡಿಯುತ್ತಾರೆ. 540 ವ್ಯಾಟಿನ ಆರು ಪ್ಯಾನೆಲ್ ಸೇರಿದರೆ 3.24 ಕಿಲೋವ್ಯಾಟ್. ಜೊತೆಗೆ 3 ಕಿಲೋವ್ಯಾಟ್ ಇನ್‌ವರ್ಟರ್ ಇದ್ದರೆ 78,000 ರೂಪಾಯಿ ಸಬ್ಸಿಡಿ. ಬಿಸಿಲಿಗೆ ಪ್ಯಾನೆಲ್ ಕಾದು ಪವರ್ ಇಳಿಯುವುದರಿಂದ ಈ ಜೋಡಿ ಸರಿಯೇ. ಅದೇ 2 ಕಿಲೋವ್ಯಾಟ್ ಇನ್‌ವರ್ಟರ್ ಕೂರಿಸಿದರೆ ಸಿಗುವುದು 60,000. ‘ಸಾಮರ್ಥ್ಯ 3.24 ಕಿಲೋವ್ಯಾಟ್’ ಎಂಬ ಒಂದೇ ಸಾಲು ನಂಬಿದವರಿಗೆ 18,000 ನಷ್ಟ. ಜೊತೆಗೆ ನಡುಹಗಲಿನ ಕರೆಂಟಿಗೂ 2 ಕಿಲೋವ್ಯಾಟಿನ ಮಿತಿ.

ಹಾಗಾಗಿ ಕೊಟೇಶನ್ ಕನ್ನಡದಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಪ್ಯಾನೆಲ್‌ಗಳ ಒಟ್ಟು ಕಿಲೋವ್ಯಾಟ್ ಮತ್ತು ಇನ್‌ವರ್ಟರಿನ ಕಿಲೋವ್ಯಾಟ್ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಆಮೇಲೆ ಅಡ್ವಾನ್ಸ್ ಕೊಡಿ.