ಮಂಜಿನ ಊರಿನಲ್ಲಿ ಅಂಗಡಿಯ ಕಾವಲು

ಬೆಂಗಳೂರಿನ ವಾಚಕಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಆಲೂರಿನಿಂದ ಸಕಲೇಶಪುರದ ಕಡೆಗೆ ಹೋಗುವ ದಾರಿಯಲ್ಲಿ ಅವರ ತಂದೆಯವರದೊಂದು ದಿನಸಿ ಅಂಗಡಿಯಿದೆಯಂತೆ. ಸುಗ್ಗಿಯ ಕಾಲದಲ್ಲಿ ಅಲ್ಲಿಯೇ ಕಾಳುಮೆಣಸನ್ನೂ ಕೊಳ್ಳುತ್ತಾರೆ. ಕಳೆದ ಮಳೆಗಾಲದಲ್ಲಿ ಪಕ್ಕದ ಅಂಗಡಿಯ ಹಿಂಬಾಗಿಲು ಮುರಿದು ಕಳವಾಯಿತು. ಅಲ್ಲಿ ಕ್ಯಾಮೆರಾ ಇತ್ತು, ದೃಶ್ಯವೂ ದಾಖಲಾಗಿತ್ತು. ಆದರೆ ಪರದೆಯ ಮೇಲೆ ಕಂಡದ್ದು ಹಾಲಿನಂಥ ಬಿಳುಪು ಮಾತ್ರ! “ನಮ್ಮ ತಂದೆಯವರು ಇದನ್ನು ಕಂಡ ಮೇಲೆ ಕ್ಯಾಮೆರಾ ಎಂದರೆ ದುಡ್ಡು ದಂಡ ಎನ್ನುತ್ತಿದ್ದಾರೆ. ಎಂಥದನ್ನು ಕೊಂಡರೆ ಪ್ರಯೋಜನವಾದೀತು?” ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸಕಾಲಿಕವಾದದ್ದು. 2025ರಲ್ಲಿ ಕಾಳುಮೆಣಸಿನ ಧಾರಣೆ ಕಿಲೋ ಒಂದಕ್ಕೆ 600 ರೂಪಾಯಿಗಳನ್ನು ದಾಟಿತ್ತು. ಐವತ್ತು ಕಿಲೋ ತೂಗುವ ಒಂದು ಚೀಲವನ್ನು ಹೆಗಲಿಗೇರಿಸಿದ ಕಳ್ಳ ಮೂವತ್ತು ಸಾವಿರ ರೂಪಾಯಿಗಳನ್ನು ಹೊತ್ತುಕೊಂಡು ಹೋದಂತೆಯೇ ಸರಿ.

ಅಂಗಡಿಯ ಅಳತೆಯನ್ನೂ ಅವರು ಕಳುಹಿಸಿರುವುದರಿಂದ ನಮ್ಮ ಕೆಲಸ ಹಗುರವಾಗಿದೆ. ಹದಿನಾಲ್ಕು ಅಡಿ ಅಗಲ, ಇಪ್ಪತ್ತೆರಡು ಅಡಿ ಉದ್ದ, ಮುಂದೆ ಉರುಳುಬಾಗಿಲು, ಹಿಂದೆ ಚೀಲಗಳನ್ನು ಇಡುವ ಕೋಣೆ, ಅದಕ್ಕೊಂದು ಹಿಂಬಾಗಿಲು. ಇಂಥ ಅಂಗಡಿಗೆ ಮೂರು ಕ್ಯಾಮೆರಾ ಸಾಕು. ನಾಲ್ಕನೆಯದಕ್ಕೆ ಕೊಡುವ ಹಣವನ್ನು ಉಳಿದ ಮೂರರ ಗುಣಕ್ಕೆ ಸೇರಿಸುವುದು ಜಾಣತನ.

ಮಾರುವವರು ಮೊದಲು ಹೇಳುವುದು ಮೆಗಾಪಿಕ್ಸೆಲ್ ಲೆಕ್ಕವನ್ನು. ಎರಡಕ್ಕಿಂತ ನಾಲ್ಕು ಮೇಲು, ನಾಲ್ಕಕ್ಕಿಂತ ಐದು ಮೇಲು ಎಂದು. ಈ ಮಾತು ಅರ್ಧ ಮಾತ್ರ ನಿಜ. ಚಿತ್ರ ಎಷ್ಟು ಬಿಂದುಗಳಿಂದ ಆಗಿದೆ ಎಂಬುದಕ್ಕಿಂತ, ಅಪರಿಚಿತನ ಮುಖದ ಮೇಲೆ ಎಷ್ಟು ಬಿಂದುಗಳು ಬಿದ್ದವು ಎಂಬುದೇ ಮುಖ್ಯ. ಗೊತ್ತಿಲ್ಲದ ಮನುಷ್ಯನನ್ನು ಚಿತ್ರದಿಂದಲೇ ಗುರುತಿಸಬೇಕಾದರೆ ಒಂದು ಮೀಟರ್ ಅಗಲಕ್ಕೆ 250 ಬಿಂದುಗಳಿರಬೇಕೆಂದು ಐರೋಪ್ಯ ಮಾನದಂಡ ಹೇಳುತ್ತದೆ. ನಮ್ಮ ಅಡಿಯ ಲೆಕ್ಕದಲ್ಲಿ ಇದು ಅಡಿಗೆ 76 ಬಿಂದು. ಅರ್ಧ ಅಡಿ ಅಗಲದ ಮುಖಕ್ಕೆ ಸುಮಾರು 40 ಬಿಂದು.

ಈಗ ಮಸೂರದ ಪಾತ್ರವನ್ನು ನೋಡೋಣ. ಪೆಟ್ಟಿಗೆಯ ಮೇಲೆ 2.8 ಮಿ.ಮೀ., 3.6 ಮಿ.ಮೀ. ಎಂದು ಅಚ್ಚಾಗಿರುತ್ತದೆ, ಕೊಳ್ಳುವವರು ಅದನ್ನು ಓದುವುದೇ ಇಲ್ಲ. 2.8ರ ಮಸೂರ ಬಹು ಅಗಲವಾಗಿ ನೋಡುತ್ತದೆ. ಹದಿನೈದು ಅಡಿ ದೂರದಲ್ಲಿ ಅದರ ನೋಟ ಸುಮಾರು 39 ಅಡಿ ಅಗಲವಾಗಿ ಹರಡಿಕೊಳ್ಳುತ್ತದೆ. 3.6ರ ಮಸೂರ ಅಷ್ಟೇ ದೂರದಲ್ಲಿ ಸುಮಾರು 25 ಅಡಿಯನ್ನು ಮಾತ್ರ ನೋಡುತ್ತದೆ. 2 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಡ್ಡಕ್ಕೆ 1920 ಬಿಂದುಗಳಿರುತ್ತವೆ; ಅದನ್ನು 25ರಿಂದ ಭಾಗಿಸಿದರೆ ಅಡಿಗೆ 76 ಬಿಂದು ದೊರೆತು, ಮುಖ ಸ್ಪಷ್ಟವಾಯಿತು. 4 ಮೆಗಾಪಿಕ್ಸೆಲ್ ಚಿತ್ರದ ಅಡ್ಡ ಬಿಂದುಗಳು 2560, ಅದಕ್ಕೆ 2.8ರ ಮಸೂರವಿದ್ದರೆ 39ರಿಂದ ಭಾಗಿಸಬೇಕು, ದೊರೆಯುವುದು ಅಡಿಗೆ 65 ಮಾತ್ರ. ಹೆಚ್ಚು ಬೆಲೆ ಕೊಟ್ಟವರಿಗೆ ಕಡಿಮೆ ಮುಖ! ಕೋನಗಳು ತಯಾರಕರಿಂದ ತಯಾರಕರಿಗೆ ಅಷ್ಟಿಷ್ಟು ಬದಲಾಗುತ್ತವೆಯಾದರೂ ಲೆಕ್ಕದ ಹದ ಇದೇ.

ಆದ್ದರಿಂದ ಮೊದಲನೆಯ ಕ್ಯಾಮೆರಾವನ್ನು 3.6ರ ಮಸೂರದ್ದನ್ನಾಗಿ ಆರಿಸಿ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಬಾಗಿಲಿಗೆ ಎದುರಾಗಿ, ಏಳೂವರೆ ಅಡಿ ಎತ್ತರದಲ್ಲಿ ನಿಲ್ಲಿಸತಕ್ಕದ್ದು. ಹೊರಗಿನ ಸೂರಿನಲ್ಲಿ ಬೇಡವೇ ಎಂದು ಕೇಳಬಹುದು. ಮಲೆನಾಡಿನಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಹೊರಗಿನ ಕ್ಯಾಮೆರಾ ನೋಡುವುದು ಛತ್ರಿಗಳನ್ನು, ಮುಖಗಳನ್ನಲ್ಲ. ಮನುಷ್ಯ ಛತ್ರಿ ಮಡಿಸುವುದು ಹೊಸ್ತಿಲು ದಾಟಿದ ಮೇಲೆ. ಅಲ್ಲಿಯೇ ಅವನನ್ನು ಹಿಡಿಯಬೇಕು. ಎತ್ತರ ಹೆಚ್ಚಾದರೂ ಕಾಣುವುದು ಉಲ್ಲನ್ ಟೋಪಿಯ ನೆತ್ತಿ ಮಾತ್ರ. ಇನ್ನೊಂದು ತೊಡಕೂ ಉಂಟು. ಬಾಗಿಲ ಕಡೆ ನೋಡುವ ಕ್ಯಾಮೆರಾಕ್ಕೆ ಹೊರಗಿನ ಬೆಳಕು ಕಣ್ಣಿಗೆ ಹೊಡೆದು, ಒಳಗೆ ಬಂದವನು ಕಪ್ಪು ನೆರಳಾಗಿ ಕಾಣುತ್ತಾನೆ. ಇದಕ್ಕೆ ವೈಡ್ ಡೈನಾಮಿಕ್ ರೇಂಜ್ ಎಂಬ ಗುಣ ಬೇಕು. ವಿವರಪತ್ರದಲ್ಲಿ 120 ಡೆಸಿಬೆಲ್ ಎಂದು ಸ್ಪಷ್ಟವಾಗಿ ಬರೆದಿರಬೇಕು. ‘ಡಿಜಿಟಲ್’ ಎಂಬ ವಿಶೇಷಣ ಸೇರಿಸಿದ್ದರೆ ಅದು ನಿಜವಾದದ್ದಲ್ಲ, ಚಿತ್ರಕ್ಕೆ ಬಳಿದ ಸುಣ್ಣ.

ಎರಡನೆಯ ಕ್ಯಾಮೆರಾ ತಕ್ಕಡಿ ಮತ್ತು ಗಲ್ಲಾಪೆಟ್ಟಿಗೆಯ ಮೇಲೆ. ಅಲ್ಲಿ ದೂರ ಕಡಿಮೆ, ಬೆಳಕೂ ಇದೆ, 2.8ರ ಸಾಧಾರಣ ಕ್ಯಾಮೆರಾ ಧಾರಾಳವಾಗಿ ಸಾಕು.

ಕಷ್ಟವಿರುವುದು ಮೂರನೆಯದರಲ್ಲಿ, ಎಂದರೆ ಹಿಂಬಾಗಿಲಿನ ಇರುಳಿನಲ್ಲಿ. ಪಕ್ಕದ ಅಂಗಡಿಯ ಬಿಳುಪಿನ ರಹಸ್ಯವೂ ಇಲ್ಲಿಯೇ ಇದೆ. ಕ್ಯಾಮೆರಾದ ಮಸೂರದ ಸುತ್ತ ಸಣ್ಣ ಅತಿಗೆಂಪು ದೀಪಗಳಿರುತ್ತವೆ. ಅವುಗಳ ಬೆಳಕು ನಮ್ಮ ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಕ್ಕೆ ಕಾಣುತ್ತದೆ. ‘ಮೂವತ್ತು ಮೀಟರ್ ರಾತ್ರಿ ನೋಟ’ ಎಂಬ ಭರವಸೆ ತಿಳಿಯಾದ ಗಾಳಿಯ ಲೆಕ್ಕ. ಶಿರಾಡಿ ಘಾಟಿಯಲ್ಲಿ ಮಂಜು ಕವಿದಾಗ ಕಾರಿನ ದೊಡ್ಡ ದೀಪ ಹಾಕಿದವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ: ಬೆಳಕು ರಸ್ತೆಗೆ ತಲುಪದೆ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ಮರಳಿ, ಎದುರಿಗೆ ಬಿಳಿಯ ಗೋಡೆ ಎದ್ದು ನಿಲ್ಲುತ್ತದೆ. ದೀಪವೂ ಕಣ್ಣೂ ಒಂದೇ ಕಡೆಯಲ್ಲಿರುವ ಕ್ಯಾಮೆರಾಕ್ಕೂ ಇದೇ ಗತಿ. ಮಸೂರದ ಮುಂದೆ ಜೇಡ ಒಂದೇ ಒಂದು ಎಳೆ ಕಟ್ಟಿದರೂ ಅದು ಬೆಳಗಿ ಹಗ್ಗದಂತೆ ಕಾಣುತ್ತದೆ. ದೀಪಕ್ಕೆ ಹುಳು ಬರುತ್ತದೆ, ಹುಳುವಿಗಾಗಿ ಜೇಡ ಬರುತ್ತದೆ. ಇದನ್ನು ತಡೆಯುವ ಯಂತ್ರ ಯಾವುದೂ ಇಲ್ಲ, ಹದಿನೈದು ದಿನಕ್ಕೊಮ್ಮೆ ಒಣಬಟ್ಟೆ ಕಟ್ಟಿದ ಕೋಲಿನಿಂದ ಒರೆಸಬೇಕು.

ಮಂಜಿಗೆ ಮಾತ್ರ ಉಪಾಯ ಉಂಟು. ಕ್ಯಾಮೆರಾದ ಸ್ವಂತ ದೀಪಗಳನ್ನು ಆರಿಸಿ, ಅದರಿಂದ ಆರೆಂಟು ಅಡಿ ಪಕ್ಕಕ್ಕೆ, ಕೊಂಚ ತಗ್ಗಿನಲ್ಲಿ, ಬಾಗಿಲಿನ ಕಡೆಗೆ ಮುಖಮಾಡಿ ಹತ್ತು ವಾಟಿನ ಎಲ್‌ಇಡಿ ದೀಪವೊಂದನ್ನು ಬೇರೆಯಾಗಿ ಹಾಕಬೇಕು. ಬೆಳಕು ಒಂದು ಕಡೆಯಿಂದ, ನೋಟ ಇನ್ನೊಂದು ಕಡೆಯಿಂದ ಬಂದಾಗ ಹನಿಗಳಿಂದ ಮರಳುವ ಬೆಳಕು ಮಸೂರದೊಳಕ್ಕೆ ಬೀಳುವುದು ಬಹಳ ಕಡಿಮೆಯಾಗುತ್ತದೆ, ಬಣ್ಣವೂ ಉಳಿಯುತ್ತದೆ. ಆದರೂ ದಟ್ಟ ಮಂಜಿನಲ್ಲಿ ಹತ್ತು ಹದಿನೈದು ಅಡಿಗಿಂತ ಆಚೆಯದನ್ನು ನಂಬಬೇಡಿ. ಆದಕಾರಣ ನನ್ನ ಸಲಹೆ ಇಷ್ಟು: ಮೂರನೆಯ ಕ್ಯಾಮೆರಾವನ್ನು ಹೊರಗಿನ ಸೂರಿನಲ್ಲಿ ನೇತುಹಾಕದೆ, ಚೀಲದ ಕೋಣೆಯ ಒಳಗೆ ಹಿಂಬಾಗಿಲಿಗೆ ಎದುರಾಗಿ ಇಡಿ. ಬಾಗಿಲು ಮುಚ್ಚಿದ ಕೋಣೆಯೊಳಗೆ ಮಂಜು ನುಗ್ಗುವುದು ಕಡಿಮೆ. ಒಳಗೆ ಅತಿಗೆಂಪು ದೀಪವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಳ್ಳ ಎಲ್ಲಿಂದ ಬಂದರೂ ಚೀಲ ಎತ್ತಲು ಅಲ್ಲಿಗೆ ಬರಲೇಬೇಕಲ್ಲವೆ?

ಇಲ್ಲಿಯೂ ಹೆಚ್ಚು ಮೆಗಾಪಿಕ್ಸೆಲ್ ಎದುರುಹೊಡೆಯುತ್ತದೆ. ಒಳಗಿನ ಬೆಳಕು ಹಿಡಿಯುವ ಫಲಕ ಅಷ್ಟೇ ಗಾತ್ರದ್ದಾಗಿದ್ದು ಬಿಂದುಗಳು ಮಾತ್ರ ಹೆಚ್ಚಿದರೆ, ಒಂದೊಂದು ಬಿಂದುವಿಗೂ ಬೀಳುವ ಬೆಳಕು ಕಡಿಮೆ. ಆಗ ಕ್ಯಾಮೆರಾ ಕಣ್ಣು ತೆರೆದಿಡುವ ಕಾಲವನ್ನು ಹಿಗ್ಗಿಸುತ್ತದೆ. ನಿಂತ ಚೀಲ ಸ್ಪಷ್ಟವಾಗಿಯೂ ನಡೆಯುವ ಮನುಷ್ಯ ಹೊಗೆಯಾಗಿಯೂ ಕಾಣುತ್ತಾನೆ. ಕೊಳ್ಳುವ ಮೊದಲು ಕತ್ತಲೆ ಕೋಣೆಯಲ್ಲಿ ನೀವೇ ಬಿರುಸಾಗಿ ನಡೆದು, ದಾಖಲಾದದ್ದನ್ನು ನಿಲ್ಲಿಸಿ ನೋಡಿ. ಅಂಗಡಿಯವರು ತೋರಿಸುವ ನಿಶ್ಚಲ ಚಿತ್ರಕ್ಕೆ ಮರುಳಾಗಬೇಡಿ.

ಸಂಗ್ರಹದ ವಿಷಯ. ಚೀಲವೊಂದು ಕಡಿಮೆಯಾದುದು ತಿಳಿಯುವುದು ದಾಸ್ತಾನು ಎಣಿಸಿದ ದಿನ, ಅದು ತಿಂಗಳಿಗೊಮ್ಮೆ. ಹಾಗಾದರೆ ದೃಶ್ಯ ಒಂದು ತಿಂಗಳಾದರೂ ಅಳಿಯದೆ ಉಳಿಯಬೇಕು. 2 ಮೆಗಾಪಿಕ್ಸೆಲ್ ಕ್ಯಾಮೆರಾ H.265 ವಿಧಾನದಲ್ಲಿ ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 10.8 ಗಿಗಾಬೈಟ್ ಆಗುತ್ತದೆ. ಮೂರು ಕ್ಯಾಮೆರಾಗಳಿಗೆ ಮೂವತ್ತು ದಿನಕ್ಕೆ 972 ಗಿಗಾಬೈಟ್. ಒಂದು ಟೆರಾಬೈಟ್ ಡಿಸ್ಕ್ ಅಂಚಿನವರೆಗೆ ತುಂಬಿತು. ಹಳೆಯ H.264 ವಿಧಾನವಾದರೆ ಹೆಚ್ಚುಕಡಿಮೆ ಇಮ್ಮಡಿ ಜಾಗ ಬೇಕಾಗಿ ಹದಿನೈದು ದಿನಕ್ಕೇ ಮುಗಿಯಿತು. ಕತ್ತಲೆಯ ಚಿತ್ರದಲ್ಲಿ ಮುಸುಕು ಚುಕ್ಕೆಗಳು ಕುಣಿಯುವುದರಿಂದ ಜಾಗ ಇನ್ನಷ್ಟು ತಿನ್ನುತ್ತದೆ. ಎರಡು ಟೆರಾಬೈಟ್ ಕೊಂಡು ನಿಶ್ಚಿಂತರಾಗಿರಿ; ಅದು ಹಗಲಿರುಳು ಬರೆಯಲೆಂದೇ ಮಾಡಿದ ಡಿಸ್ಕ್ ಆಗಿರಲಿ.

ದಾಖಲೆಪೆಟ್ಟಿಗೆಯನ್ನು ಗಲ್ಲಾದ ಮೇಲೆ ಶೋಭೆಗಾಗಿ ಇಡುವವರುಂಟು. ಬುದ್ಧಿವಂತ ಕಳ್ಳ ಮೊದಲು ಅದನ್ನೇ ಕಿತ್ತುಕೊಂಡು ಹೋಗುತ್ತಾನೆ. ಅಟ್ಟದ ಮೇಲೆ, ಗಾಳಿಯಾಡುವ ಬೀಗದ ಗೂಡಿನಲ್ಲಿ ಅದಿರಲಿ. ಚೀಲದ ಕೋಣೆಯ ಕ್ಯಾಮೆರಾದೊಳಗೇ 128 ಗಿಗಾಬೈಟಿನ ಮೆಮೊರಿ ಕಾರ್ಡು ಹಾಕಿದರೆ ಹನ್ನೊಂದು ದಿನದ ಎರಡನೆಯ ಪ್ರತಿ ಸಿಕ್ಕಂತಾಯಿತು.

ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ಹೋಗುವುದು ಆ ಕಡೆ ಯಾರಿಗೂ ಹೊಸತಲ್ಲ. ಮೂರು ಕ್ಯಾಮೆರಾ, ಒಂದು ಪೆಟ್ಟಿಗೆ ಸೇರಿ ಸುಮಾರು ಮೂವತ್ತು ವಾಟ್. ಕಂಪ್ಯೂಟರಿನ ಸಣ್ಣ ಯುಪಿಎಸ್ ಇದನ್ನು ಒಂದೆರಡು ಗಂಟೆ ಎಳೆಯಬಹುದು, ರಾತ್ರಿ ಕಳೆಯಲಾರದು. ಮನೆಯ ಇನ್ವರ್ಟರಿನ 100 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ರಾತ್ರಿಯನ್ನು ಸುಲಭವಾಗಿ ದಾಟಿಸುತ್ತದೆ.

ಇನ್ನು ಬೆಂಗಳೂರಿನಲ್ಲಿ ಕುಳಿತು ನೋಡುವ ಆಸೆ. ಇದಕ್ಕೆ ಅಂಗಡಿಯಿಂದ ಹೊರಕ್ಕೆ ಹೋಗುವ ಇಂಟರ್‌ನೆಟ್ ವೇಗ ಮುಖ್ಯವೇ ಹೊರತು ಒಳಕ್ಕೆ ಬರುವ ವೇಗವಲ್ಲ. ಸೆಟ್ಟಿಂಗಿನಲ್ಲಿ ‘ಸಬ್ ಸ್ಟ್ರೀಮ್’ ಎಂಬ ಚಿಕ್ಕ ಚಿತ್ರವನ್ನು ಆರಿಸಿದರೆ ಒಂದು ಕ್ಯಾಮೆರಾ ಒಂದು ಗಂಟೆಗೆ ಇನ್ನೂರು ಮೆಗಾಬೈಟಿನೊಳಗೆ ಮುಗಿಯುತ್ತದೆ; ಮೊಬೈಲ್ ಸಿಮ್ ಹಾಕಿದ ರೌಟರಿಗೂ ಇದು ಭಾರವಲ್ಲ. ಇಡೀ ದಾಖಲೆಯನ್ನು ದೂರದ ಕ್ಲೌಡಿನಲ್ಲೇ ಇಡುತ್ತೇವೆಂಬ ಯೋಜನೆ ಮಾತ್ರ ಆ ಗುಡ್ಡಗಳಲ್ಲಿ ಬೇಡ: ದಿನಕ್ಕೆ ಮೂವತ್ತೆರಡು ಗಿಗಾಬೈಟ್ ಮೇಲೇರಬೇಕಾಗುತ್ತದೆ, ಸಂಪರ್ಕ ಕಡಿದ ದಿನ ಏನೂ ಉಳಿಯದು.

ಪೆಟ್ಟಿಗೆಯೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ. 2016ರಲ್ಲಿ ಮಿರಾಯ್ ಎಂಬ ಕಳ್ಳ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಮಾಡಿಕೊಂಡದ್ದು ಕಾರ್ಖಾನೆಯ ಪಾಸ್‌ವರ್ಡುಗಳ ಮೂಲಕವೇ. ನಮ್ಮ ಸರ್ಕಾರವೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿದೆ. ಆ ಪ್ರಮಾಣೀಕರಣ ಆಗಿದೆಯೇ ಎಂದು ಕೇಳಿ, ಬಿಲ್ಲಿನಲ್ಲಿ ಮಾದರಿಯ ಸಂಖ್ಯೆ ಬರೆಸಿಕೊಳ್ಳಿ.

ಕಡೆಯದಾಗಿ ಪೆಟ್ಟಿಗೆಯ ಗಡಿಯಾರ. ಹೊತ್ತು ತಪ್ಪಿದ ದೃಶ್ಯವನ್ನು ಆರೋಪಿಯ ವಕೀಲರು ಮೊದಲ ಪ್ರಶ್ನೆಯಲ್ಲೇ ಕೆಡವಬಹುದು. ವಾರಕ್ಕೊಮ್ಮೆ ಕೈಗಡಿಯಾರದೊಡನೆ ಹೋಲಿಸಿ. ಕಳವು ನಡೆದರೆ ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ಕೊಡುವುದು ಸಾಲದು. ಪೆಟ್ಟಿಗೆಯಿಂದಲೇ ಮೂಲ ಕಡತವನ್ನು ಪೆನ್‌ಡ್ರೈವಿಗೆ ಇಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ವಿಧಿಯಂತೆ ಅದರ ಜೊತೆಗೊಂದು ಪ್ರಮಾಣಪತ್ರ ಬೇಕಾಗುತ್ತದೆ. ಅದರಲ್ಲಿ ಯಂತ್ರದ ವಿವರವನ್ನೂ ಕಡತದ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಈ ನಮೂನೆಯ ಒಂದು ಭಾಗಕ್ಕೆ ಅಂಗಡಿಯ ಯಜಮಾನರೂ ಇನ್ನೊಂದಕ್ಕೆ ತಜ್ಞರೂ ಸಹಿ ಮಾಡುತ್ತಾರೆ. ಕ್ಯಾಮೆರಾ ಹಾಕಲು ಬಂದವನಿಂದ ಕಡತ ಇಳಿಸುವ ಬಗೆಯನ್ನು ನಿಮ್ಮ ತಂದೆಯವರೇ ಒಮ್ಮೆ ಕೈಯಾರೆ ಮಾಡಿ ಕಲಿತುಕೊಂಡ ಮೇಲೆಯೇ ಅವನಿಗೆ ಬಾಕಿ ಹಣ ಕೊಡಲಿ.